ಎರಡು ಪದಗಳ ಸಂದಿನಲ್ಲಿ ಅಡಗಿದ ಪದ ಹಿಡಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಡಗಿದ ಪದದ ಒಗಟು ಕೊಟ್ಟಾಗಲೆಲ್ಲ ಬರುವ ದೂರು ಒಂದೇ: “ವಾಕ್ಯವನ್ನು ಇಪ್ಪತ್ತು ಸಲ ಓದಿದೆ, ಏನೂ ಸಿಗಲಿಲ್ಲ.” ಸಿಗದೆ ಹೋಗಲು ಕಾರಣವೂ ಆ ಓದೇ. ಓದುವಾಗ ಕಣ್ಣು ಪದದಿಂದ ಪದಕ್ಕೆ ಜಿಗಿಯುತ್ತದೆ, ನಡುವಿನ ಖಾಲಿ ಜಾಗವನ್ನು ನೋಡುವುದೇ ಇಲ್ಲ. ಉತ್ತರ ಕೂತಿರುವುದು ಸರಿಯಾಗಿ ಅಲ್ಲೇ.

“ರಾಮ ನೆನೆದು ಬಂದ” ಎಂಬ ಮೂರು ಪದಗಳ ವಾಕ್ಯ ನೋಡಿ. ರಾಮದ ಕೊನೆಯ ‘ಮ’, ನೆನೆದು ಪದದ ಮೊದಲ ‘ನೆ’ ಸೇರಿದರೆ ‘ಮನೆ’. ಒಂದು ಪದದ ಬಾಲ, ಮುಂದಿನ ಪದದ ತಲೆ, ಒಗಟು ಇಷ್ಟೇ. ಆ ಎರಡರ ನಡುವಿನ ಜಾಗವನ್ನು ಇಲ್ಲಿ ‘ಸಂದು’ ಎಂದು ಕರೆಯುತ್ತೇನೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಹೆಚ್ಚಿನವರು ಮೊದಲ ಮೂರು ಹಂತ ಬಿಟ್ಟು ನೇರ ನಾಲ್ಕನೆಯದಕ್ಕೆ ಹಾರಿ ಅಲ್ಲೇ ಸಿಕ್ಕಿಕೊಳ್ಳುತ್ತಾರೆ.

## ಬೇಕಾಗುವ ಸಾಮಾನು

ಪೆನ್ಸಿಲ್, ಚೌಕಳಿ ಹಾಳೆ, ಒಂದು ತುಂಡು ರಟ್ಟು. ರಟ್ಟಿನಲ್ಲಿ ಎರಡು ಚೌಕದಷ್ಟು ಅಗಲದ ಕಿಂಡಿ ಕತ್ತರಿಸಿಕೊಳ್ಳಿ, ಇನ್ನೊಂದು ಕಡೆ ಮೂರು ಚೌಕದಷ್ಟು. ಕಿಂಡಿ ಇಲ್ಲದೆಯೂ ಕೆಲಸ ಆಗುತ್ತದೆ, ಆದರೆ ಹೊಸಬರಿಗೆ ಅದರಿಂದ ದೊಡ್ಡ ಉಪಕಾರವಿದೆ: ಅಕ್ಕಪಕ್ಕದ ಅಕ್ಷರಗಳು ಮುಚ್ಚಿಹೋದಾಗ ಮೂಲ ಪದದ ಅರ್ಥ ತಲೆಯಿಂದ ಹೊರಗೆ ಉಳಿಯುತ್ತದೆ.

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಮಾಡುವವರಿಗೆ ಒಂದು ಎಚ್ಚರಿಕೆ ಇದೆ, ಅದನ್ನು ಐದನೆಯ ಹಂತದಲ್ಲಿ ಹೇಳುತ್ತೇನೆ.

## ಹಂತ 1: ವಾಕ್ಯವನ್ನು ಅಕ್ಷರಗಳಾಗಿ ಬಿಡಿಸಿ

ಪದಬಂಧದ ಮನೆಯೊಂದರಲ್ಲಿ ಹೇಗೆ ಒಂದು ಪೂರ್ತಿ ಅಕ್ಷರ ಬರುತ್ತದೋ, ಇಲ್ಲೂ ಹಾಗೆಯೇ. ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು ಚೌಕ. ‘ವ್ಯಾಪಾರಿ’ ಎಂದರೆ ವ್ಯಾ, ಪಾ, ರಿ ಎಂಬ ಮೂರು ಚೌಕ. ‘ಸುಮ್ಮನೆ’ ಎಂದರೆ ಸು, ಮ್ಮ, ನೆ. ಪದ ಮುಗಿದ ಕಡೆ ಚೌಕದ ಗೆರೆಯನ್ನು ದಪ್ಪ ಮಾಡಿ, ಖಾಲಿ ಚೌಕ ಬಿಡಬೇಡಿ. ಅಲ್ಪವಿರಾಮ, ಪ್ರಶ್ನೆ ಚಿಹ್ನೆ, ಉದ್ಧರಣ ಚಿಹ್ನೆ ಯಾವುದನ್ನೂ ಬರೆಯಬೇಡಿ. ಅಡಗಿದ ಪದ ಅವುಗಳ ಮೇಲೆ ಹಾದುಹೋಗುತ್ತದೆ.

ಇಲ್ಲಿ ಆಗುವ ತಪ್ಪುಗಳಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ಅಕ್ಷರವನ್ನು ಸಡಿಲವಾಗಿ ನೋಡುವುದು. “ಮಗು ಬೆಳೆಯಿತು” ಎಂಬಲ್ಲಿ ಗೂಬೆ ಕಂಡಿತು ಎನ್ನುವವರಿದ್ದಾರೆ. ಅಲ್ಲಿರುವುದು ‘ಗುಬೆ’, ಹ್ರಸ್ವ. “ಎಲ್ಲರಿಗೂ ಬೆಳಕು ಬೇಕು” ಎಂಬಲ್ಲಿ ನಿಜವಾದ ‘ಗೂಬೆ’ ಇದೆ. ಸೊನ್ನೆಯದೂ ಇದೇ ಕಥೆ. “ಅಹಂ ಸರಿಯಲ್ಲ” ಎಂಬಲ್ಲಿ ‘ಹಂ’ ಒಂದು ಅಕ್ಷರ, ‘ಸ’ ಇನ್ನೊಂದು. ಎರಡೂ ಸೇರಿ ‘ಹಂಸ’. ಸೊನ್ನೆಯನ್ನು ಬೇರೆ ಚೌಕಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತದೆ, ಬಿಟ್ಟೇಬಿಟ್ಟರೆ ಹಕ್ಕಿ ಹಾರಿಹೋಗುತ್ತದೆ.

ಎರಡನೆಯದು ಮನಸ್ಸಿನಲ್ಲೇ ಸಂಧಿ ಮಾಡುವುದು. “ಊರು ಅಲ್ಲಿದೆ” ಎಂದು ಬರೆದಿದ್ದರೆ ನಾಲಗೆ ‘ಊರಲ್ಲಿದೆ’ ಎನ್ನುತ್ತದೆ. ಒಗಟಿಗೆ ನಾಲಗೆಯ ಮಾತು ಬೇಡ. ಕಾಗದದ ಮೇಲೆ ಹೇಗಿದೆಯೋ ಹಾಗೆ: ಊ, ರು, ಅ, ಲ್ಲಿ, ದೆ.

## ಹಂತ 2: ಮುಚ್ಚಿದ ಸಂದುಗಳಿಗೆ ಕಾಟು ಹಾಕಿ

ಹತ್ತು ಪದಗಳ ವಾಕ್ಯದಲ್ಲಿ ಒಂಬತ್ತು ಸಂದುಗಳಿರುತ್ತವೆ. ಎಲ್ಲವನ್ನೂ ಹುಡುಕಬೇಕಾಗಿಲ್ಲ. ಕನ್ನಡದ ಬರವಣಿಗೆಯೇ ಕೆಲವನ್ನು ನಮಗಾಗಿ ಮುಚ್ಚಿಕೊಟ್ಟಿದೆ.

ಅ, ಆ, ಇ, ಈಯಿಂದ ಔವರೆಗಿನ ಸ್ವರಗಳು ಬಿಡಿ ರೂಪದಲ್ಲಿ ಬರುವುದು ಪದದ ಮೊದಲಲ್ಲಿ ಮಾತ್ರ. ಪದದ ನಡುವೆ ಬಂದರೆ ಅವು ಗುಣಿತವಾಗಿಬಿಡುತ್ತವೆ. ಹಾಗಾಗಿ ಸಂದಿನ ಬಲಗಡೆಯ ಪದ ಸ್ವರದಿಂದ ಶುರುವಾದರೆ ಆ ಸಂದನ್ನು ದಾಟಿ ಯಾವ ಪದವೂ ಅಡಗಿರಲಾರದು. “ಅವನು ಆಮೇಲೆ ಊರಿಗೆ ಬಂದ” ಎಂಬಲ್ಲಿ ಮೊದಲ ಎರಡು ಸಂದಿಗೆ ಕಣ್ಣು ಮುಚ್ಚಿ ಕಾಟು ಹಾಕಬಹುದು. ‘ಬಿಎ’ ತರಹದ ಸಂಕ್ಷಿಪ್ತ ರೂಪಗಳು ಇದಕ್ಕೆ ಹೊರತು, ಆದರೆ ಒಗಟಿನ ಉತ್ತರವಾಗಿ ಅವನ್ನು ಇಡುವವರು ಕಡಿಮೆ.

ಇದೇ ನಿಯಮವನ್ನು ತಿರುಗಿಸಿ ನೋಡಿ. ಉತ್ತರವೇ ಸ್ವರದಿಂದ ಶುರುವಾಗುವ ಪದವಾದರೆ, ಅದು ವಾಕ್ಯದ ಯಾವುದೋ ಪದದ ಮೊದಲ ಅಕ್ಷರದಿಂದಲೇ ಶುರುವಾಗಬೇಕು; ಅಂದರೆ ಆ ಪದವನ್ನು ಪೂರ್ತಿ ನುಂಗಿ ಮುಂದಿನದಕ್ಕೆ ಕಾಲಿಡಬೇಕು. ಅಷ್ಟು ಗಿಡ್ಡ ಪದ ಬೇಕೆಂದೇ ಒಗಟು ಕಟ್ಟುವವರು ‘ಆ’, ‘ಈ’ಗಳನ್ನು ಹಿಡಿಯುತ್ತಾರೆ. “ಆ ನೆರಳಲ್ಲಿ ಕೂತೆವು” ಎಂಬಲ್ಲಿ ಆನೆ, “ಆ ಮೆಟ್ಟಿಲು ಹತ್ತು” ಎಂಬಲ್ಲಿ ಆಮೆ. ಒಂಟಿ ‘ಆ’ ಕಂಡ ಕೂಡಲೇ ಮುಂದಿನ ಅಕ್ಷರ ಸೇರಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಸಂದಿನ ಎಡಗಡೆ. ಕನ್ನಡ ಪದ ‘ಲ್ಲಿ’, ‘ನ್ನು’, ‘ತ್ತು’, ‘ದ್ದ’ ಇಂಥ ಸಜಾತೀಯ ಒತ್ತಕ್ಷರದಿಂದ ಶುರುವಾಗುವುದಿಲ್ಲ. ಣ, ಳಗಳಿಂದಲೂ ಇಲ್ಲ. ಆದರೆ ನಮ್ಮ ವಾಕ್ಯಗಳಲ್ಲಿ ವಿಭಕ್ತಿಯ ದೆಸೆಯಿಂದ ಪದಗಳು ಮುಗಿಯುವುದೇ ಇಂಥ ಅಕ್ಷರಗಳಲ್ಲಿ: ಮರದಲ್ಲಿ, ಅವನನ್ನು, ಅವಳು. ಅಲ್ಲಿ ಕೊನೆಯ ಅಕ್ಷರ ಒಂದರಿಂದಲೇ ಉತ್ತರ ಶುರುವಾಗಲಾರದು, ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಎರಡಕ್ಷರದ ಉತ್ತರ ಹುಡುಕುತ್ತಿದ್ದರೆ ಹಿಂದೆ ಹೋಗಲು ಜಾಗವೇ ಇಲ್ಲ, ಹಾಗಾಗಿ ಆ ಸಂದಿಗೂ ಕಾಟು.

ಬಸ್, ಪೆನ್ ತರಹ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಮುಂದಿನ ಸಂದನ್ನು ನಾನು ಮುಚ್ಚಿದ್ದು ಎಂದೇ ಎಣಿಸುತ್ತೇನೆ. ಅಲ್ಲಿ ಒತ್ತಕ್ಷರ ಕಟ್ಟಿ ಪದ ಅಡಗಿಸುವುದು ನನ್ನ ಮಟ್ಟಿಗೆ ಮೋಸ.

## ಹಂತ 3: ಉತ್ತರವಾಗಬಹುದಾದ ಪದಗಳನ್ನು ಮೊದಲೇ ಜಾಲಿಸಿ

“ಅಡಗಿರುವ ಹಕ್ಕಿ ಯಾವುದು?” ಎಂದು ಸುಳಿವು ಕೊಟ್ಟಿದ್ದರೆ ನೆನಪಿಗೆ ಬರುವ ಹಕ್ಕಿಗಳನ್ನು ಹಾಳೆಯ ಅಂಚಿನಲ್ಲಿ ಬರೆಯಿರಿ. ಆಮೇಲೆ ಒಂದೊಂದನ್ನೂ ಕೇಳಿ: ಇದನ್ನು ಎಲ್ಲಿ ತುಂಡು ಮಾಡಬಹುದು? ತುಂಡಾದ ಮೇಲೆ ಬಲಗಡೆ ಉಳಿಯುವ ಭಾಗದಿಂದ ಒಂದು ಪದ ಶುರುವಾಗಬೇಕು.

ಗಿಳಿಯನ್ನು ತುಂಡು ಮಾಡಿದರೆ ಬಲಕ್ಕೆ ‘ಳಿ’ ಉಳಿಯುತ್ತದೆ. ‘ಳಿ’ಯಿಂದ ಶುರುವಾಗುವ ಪದ ಇಲ್ಲ, ಹಾಗಾಗಿ ಗಿಳಿ ಯಾವ ಸಂದಿನಲ್ಲೂ ಅಡಗಲಾರದು. ಕೋಳಿಯ ಪಾಡೂ ಅದೇ. ಹದ್ದು, ಗುಬ್ಬಿಗಳಲ್ಲಿ ಬಲಕ್ಕೆ ‘ದ್ದು’, ‘ಬ್ಬಿ’ ಉಳಿಯುತ್ತವೆ, ಅವೂ ಹೊರಗೆ. ಒಂದು ನಿಮಿಷದಲ್ಲಿ ನಾಲ್ಕು ಹಕ್ಕಿ ಹೋದವು.

ಕೋಗಿಲೆಗೆ ‘ಗಿಲೆ’ಯಿಂದ ಶುರುವಾಗುವ ಪದವೋ ‘ಕೋಗಿ’ಯಲ್ಲಿ ಮುಗಿಯುವ ಪದವೋ ಬೇಕು, ಅಂಥದ್ದು ನನಗೆ ಇದುವರೆಗೆ ಕಂಡಿಲ್ಲ. ನವಿಲಿಗೆ ದಾರಿ ಇದೆ: ‘ನವಿ’ಯಲ್ಲಿ ಮುಗಿಯುವ ಪದ, ‘ಲು’ವಿನಿಂದ ಶುರುವಾಗುವ ಪದ. “ನಮ್ಮ ಮನವಿ ಲುಪ್ತವಾಯಿತು” ಎಂದರೆ ನವಿಲು ಬಂತು. ‘ಮನವಿ’ಯ ಮುಂದೆ ‘ಲುಂಗಿ’ ಬಂದರೆ ಬರಲಿಲ್ಲ, ಯಾಕೆಂದರೆ ‘ಲುಂ’ ಬೇರೆ ಅಕ್ಷರ.

ಪಟ್ಟಿಯಲ್ಲಿ ಗಟ್ಟಿಯಾಗಿ ಉಳಿಯುವುದು ಕಾಗೆ, ಗೂಬೆ, ಹಂಸ, ಮೈನಾ, ಗರುಡ ಇಂಥವು. ಅಕ್ಷರ ಅಕ್ಷರದಲ್ಲೂ ಪದ ಶುರುಮಾಡಬಲ್ಲ ಹಕ್ಕಿಗಳು. ಸುಳಿವೇ ಇಲ್ಲದ ಒಗಟಾದರೆ ಈ ಹಂತ ಬಿಡಿ, ಮುಂದಕ್ಕೆ ಹೋಗಿ.

## ಹಂತ 4: ಕಿಂಡಿ ಇಟ್ಟು ಸಂದಿನಿಂದ ಸಂದಿಗೆ ಸರಿಸಿ

ಉತ್ತರದ ಅಕ್ಷರ ಸಂಖ್ಯೆ ಗೊತ್ತಿದ್ದರೆ ಒಂದು ಸಂದಿನಲ್ಲಿ ಕಿಂಡಿ ಇಡುವ ಬಗೆಗಳು ಅದಕ್ಕಿಂತ ಒಂದು ಕಡಿಮೆ. ಎರಡಕ್ಷರದ ಉತ್ತರಕ್ಕೆ ಒಂದೇ ಬಗೆ: ಆಚೆ ಒಂದು, ಈಚೆ ಒಂದು. ಮೂರಕ್ಷರಕ್ಕೆ ಎರಡು. “ಹಾಡುಗರು ಡಮರುಗ ಹಿಡಿದು ಬಂದರು” ಎಂಬ ವಾಕ್ಯದ ಮೊದಲ ಸಂದಿನಲ್ಲಿ ಒಂದು ಬಗೆ ‘ರುಡಮ’, ಇನ್ನೊಂದು ‘ಗರುಡ’. ಮೊದಲನೆಯದನ್ನು ನೋಡಿ “ಇಲ್ಲಿ ಏನಿಲ್ಲ” ಎಂದು ಮುಂದೆ ಹೋದರೆ ಗರುಡ ಕೈತಪ್ಪಿತು. ಸಂದಿನ ಎಲ್ಲ ಬಗೆಗಳನ್ನೂ ಮುಗಿಸಿಯೇ ಮುಂದಿನ ಸಂದಿಗೆ ಸರಿಯಿರಿ. ಸಂಖ್ಯೆ ಗೊತ್ತಿಲ್ಲದಿದ್ದರೆ ಮೊದಲು ಎರಡರ ಕಿಂಡಿಯಲ್ಲಿ ಇಡೀ ವಾಕ್ಯ ಮುಗಿಸಿ, ಆಮೇಲೆ ಮೂರರದು. ಬೆರೆಸಬೇಡಿ.

ಈಗ ಒಂದು ಒಗಟನ್ನು ಪೂರ್ತಿ ಬಿಡಿಸೋಣ. ಸುಳಿವು: ಒಂದು ಹಕ್ಕಿ. ಅಕ್ಷರ ಸಂಖ್ಯೆ ಕೊಟ್ಟಿಲ್ಲ.

“ಹಳೆಯ ವ್ಯಾಪಾರಿ ವಾಹನ ನಿಲ್ಲಿಸಿದರೂ ಅಲ್ಲಿದ್ದ ಯಾರಿಗೂ ಬೆಲೆ ಹೇಳದೆ ಸುಮ್ಮನೆ ಕುಳಿತ.”

ಹತ್ತು ಪದ, ಮೂವತ್ತೊಂದು ಅಕ್ಷರ, ಒಂಬತ್ತು ಸಂದು.

ಮೊದಲು ಕಾಟು. ನಾಲ್ಕನೆಯ ಸಂದಿನ ಬಲಕ್ಕೆ ‘ಅಲ್ಲಿದ್ದ’ ಇದೆ, ಸ್ವರ, ಮುಚ್ಚಿತು. ಐದನೆಯ ಸಂದಿನ ಎಡಕ್ಕೆ ಅ, ಲ್ಲಿ, ದ್ದ ಇವೆ. ‘ದ್ದ’ದಿಂದಲೂ ‘ಲ್ಲಿ’ಯಿಂದಲೂ ಪದ ಶುರುವಾಗದು. ಉಳಿದದ್ದು ‘ಅಲ್ಲಿದ್ದಯಾ’ ಎಂದು ಶುರುವಾಗುವ ಹಕ್ಕಿ; ಅಂಥ ಹಕ್ಕಿ ಇಲ್ಲ. ಅದಕ್ಕೂ ಕಾಟು. ಉಳಿದವು ಏಳು.

ಎರಡರ ಕಿಂಡಿ ಇಡುತ್ತಾ ಹೋದರೆ: ಯವ್ಯಾ, ರಿವಾ, ನನಿ, ಗೂಬೆ. ಆರನೆಯ ಸಂದಿನಲ್ಲಿ, ‘ಯಾರಿಗೂ’ ಮತ್ತು ‘ಬೆಲೆ’ಗಳ ನಡುವೆ, ಗೂಬೆ ಕೂತಿದೆ. ಮುಂದಿನ ಲೆಹೇ, ದೆಸು, ನೆಕುಗಳಲ್ಲಿ ಏನಿಲ್ಲ.

ಇಷ್ಟು ಸಲೀಸಾದ ಒಗಟಿನಲ್ಲಿ ಜನ ಸೋಲುವುದು ಎರಡನೆಯ ಸಂದಿನಲ್ಲಿ. ‘ವ್ಯಾಪಾರಿ ವಾಹನ’ ಎಂಬಲ್ಲಿ ‘ಪಾರಿವಾ’ ಎದ್ದು ಕಾಣುತ್ತದೆ. ಪಾರಿವಾಳ ಸಿಕ್ಕಿತು ಎಂದು ಮನಸ್ಸು ಕುಣಿಯುತ್ತದೆ, ಕೊನೆಯ ‘ಳ’ ಇರಬೇಕಾದ ಕಡೆ ‘ಹ’ ಇರುವುದು ಕಾಣುವುದೇ ಇಲ್ಲ. ನಾನೂ ಇಂಥದೇ ಒಂದು ವಾಕ್ಯದ ಮುಂದೆ ಅರ್ಧ ಗಂಟೆ ಕೂತು, ಅಚ್ಚಿನ ತಪ್ಪಿರಬೇಕು ಎಂದು ವಾದಿಸಿದ್ದೇನೆ. ಮುಕ್ಕಾಲು ಸಿಕ್ಕ ಪದ ಸಿಗದ ಪದವೇ. ಮೂರನೆಯ ಹಂತ ಮಾಡಿದ್ದರೆ ಈ ಗೋಳು ಇರುತ್ತಿರಲಿಲ್ಲ: ಪಾರಿವಾಳವನ್ನು ‘ಪಾರಿ’ಯಲ್ಲಿ ತುಂಡು ಮಾಡಿದರೆ ಬಲಕ್ಕೆ ‘ವಾಳ’ದಿಂದ ಶುರುವಾಗುವ ಪದ ಬೇಕಾಗುತ್ತಿತ್ತು, ಅದನ್ನು ಎಲ್ಲಿಂದ ತರುವುದು?

ಕೆಲವು ಉತ್ತರಗಳು ಎರಡು ಸಂದು ದಾಟುತ್ತವೆ. “ದೀಪ ತಾ, ಕೆಳಗಿಡು” ಎಂಬಲ್ಲಿ ದೀಪದ ‘ಪ’, ನಡುವಿನ ‘ತಾ’ ಪೂರ್ತಿ, ಕೆಳಗಿಡು ಪದದ ‘ಕೆ’ ಸೇರಿ ‘ಪತಾಕೆ’. ನಡುವೆ ಅಲ್ಪವಿರಾಮ ಬೇರೆ ಇದೆ. ತಾ, ಬಾ, ಕೈ, ಮೈ, ನೀ, ಹೂ ಇಂಥ ಒಂದೇ ಅಕ್ಷರದ ಪದ ಕಂಡರೆ ಅದರ ಎರಡೂ ಕಡೆಯ ಸಂದುಗಳನ್ನು ಒಟ್ಟಿಗೆ ನೋಡಬೇಕು.

## ಹಂತ 5: ಸಿಕ್ಕ ಪದ ನಿಜವೇ ಎಂದು ಪರೀಕ್ಷಿಸಿ

ಪದ ಸಂದನ್ನು ದಾಟಿರಲೇಬೇಕು. ‘ಅರಮನೆ’ಯೊಳಗೆ ಮನೆ ಇದೆ, ಆದರೆ ಅದು ಒಂದೇ ಪದದ ಒಳಗಿನದು, ಲೆಕ್ಕಕ್ಕಿಲ್ಲ. ಆಮೇಲೆ ಸಿಕ್ಕ ಪದವನ್ನು ಚೌಕದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವಾಗಿ ಓದಿ: ಮಹಾಪ್ರಾಣ ಅಲ್ಪಪ್ರಾಣವಾಗಿಲ್ಲ ತಾನೆ, ಲ ಇರುವ ಕಡೆ ಳ ಓದಿಲ್ಲ ತಾನೆ?

ಕಂಪ್ಯೂಟರಿನ ಎಚ್ಚರಿಕೆ ಈಗ. ವಾಕ್ಯದ ಖಾಲಿ ಜಾಗಗಳನ್ನೆಲ್ಲ ಅಳಿಸಿ `Ctrl+F` ಒತ್ತಿ ಹುಡುಕಿದರೆ ಆಯಿತಲ್ಲ ಎನ್ನುವವರಿಗೆ ಎರಡು ಗುಂಡಿಗಳು ಕಾದಿವೆ. ಯೂನಿಕೋಡ್‌ನಲ್ಲಿ ‘ಮ್ಮ’ ಎಂಬುದು ಒಂದು ಮ, ಒಂದು ಹಲಂತ, ಇನ್ನೊಂದು ಮ ಎಂದು ಉಳಿಯುತ್ತದೆ. ಹಾಗಾಗಿ ಮೇಲಿನ ವಾಕ್ಯದಲ್ಲಿ ‘ಮನೆ’ ಎಂದು ಹುಡುಕಿದರೆ ‘ಸುಮ್ಮನೆ’ಯಲ್ಲಿ ಸಿಕ್ಕಿತು ಎಂದು ತೋರಿಸಿಬಿಡಬಹುದು. ಅಲ್ಲಿರುವುದು ‘ಮ್ಮನೆ’, ಮನೆಯಲ್ಲ. ಇನ್ನೊಂದು ಗುಂಡಿ ಅರ್ಧಾಕ್ಷರದ್ದು. ‘ಬಸ್ ತಡ’ ಎಂಬಲ್ಲಿ ನಡುವಿನ ಜಾಗ ಅಳಿಸಿದರೆ ಸ್ ಮತ್ತು ತ ತಾವಾಗಿಯೇ ಸೇರಿ ‘ಬಸ್ತಡ’ ಆಗುತ್ತದೆ, ವಾಕ್ಯದಲ್ಲಿ ಇಲ್ಲದ ಒತ್ತಕ್ಷರ ಹುಟ್ಟಿಕೊಳ್ಳುತ್ತದೆ. ಯಂತ್ರ ತೋರಿಸಿದ್ದನ್ನು ಚೌಕಳಿ ಹಾಳೆಗೆ ತಂದು ನೋಡದೆ ಉತ್ತರ ಎನ್ನಬೇಡಿ.

## ವಾಕ್ಯವೇ ಕೊಡುವ ಸುಳಿವುಗಳು

ಅಭ್ಯಾಸವಾದ ಮೇಲೆ ಎಲ್ಲ ಸಂದುಗಳನ್ನೂ ಅಳೆಯಬೇಕಾಗಿಲ್ಲ. ಪದವನ್ನು ಅಡಗಿಸಲು ವಾಕ್ಯವನ್ನು ತಿರುಚಿದವರು ಗುರುತು ಬಿಟ್ಟಿರುತ್ತಾರೆ.

ಆಡುಮಾತಿನ ವಾಕ್ಯದ ನಡುವೆ ಒಂದು ಬಿಗಿಯಾದ ಪದ ಬಂದು ಕೂತಿದ್ದರೆ ಅದು ಅಲ್ಲಿಗೆ ಅರ್ಥಕ್ಕಾಗಿ ಬಂದದ್ದಲ್ಲ. ಮನವಿ ಕಳೆದುಹೋಯಿತು ಎನ್ನುವ ಬದಲು ‘ಲುಪ್ತವಾಯಿತು’ ಎಂದರೆ ಆ ‘ಲು’ ಯಾರಿಗೋ ಬೇಕಾಗಿತ್ತು. ಪದಗಳ ಸಹಜ ಕ್ರಮ ತಲೆಕೆಳಗಾದರೂ ಅಷ್ಟೇ. “ನಿನಗೆ ಗೆಲುವು ಬೇಕಾ?” ಎನ್ನುವುದು ರೂಢಿ. “ನಿನಗೆ ಬೇಕಾ ಗೆಲುವು?” ಎಂದು ಕೇಳಿದರೆ ‘ಬೇಕಾ’ದ ಬಾಲ, ‘ಗೆಲುವು’ವಿನ ತಲೆ ನೋಡಿ: ಕಾಗೆ. ಅಹಂ, ಸ್ವಯಂ ತರಹ ಸೊನ್ನೆಯಲ್ಲಿ ಮುಗಿಯುವ ಪದ ಕನ್ನಡದಲ್ಲಿ ಅಪರೂಪ. ಕಂಡರೆ ಮೊದಲು ಅಲ್ಲೇ ಕಿಂಡಿ ಇಡಿ.

ಆದರೆ ಚೆನ್ನಾಗಿ ಕಟ್ಟಿದ ಒಗಟಿನಲ್ಲಿ ಗುರುತೇ ಇರುವುದಿಲ್ಲ. “ದಣಿದ ನಾಯಕ ಮಲಗಿದ” ಎಂಬ ವಾಕ್ಯದಲ್ಲಿ ಎಲ್ಲೂ ಒರಟುತನ ಇಲ್ಲ, ಕಮಲ ಮಾತ್ರ ಅರಳಿ ಕೂತಿದೆ. ಇಂಥಲ್ಲಿ ಕಿಂಡಿಯೇ ಗತಿ.

## ಎಲ್ಲ ಸಂದು ಮುಗಿದರೂ ಸಿಗದಿದ್ದರೆ

ಮೊದಲು ಕಾಟು ಹಾಕಿದ್ದನ್ನು ಮತ್ತೆ ನೋಡಿ, ಬೇರೆ ಏನನ್ನೂ ಅಲ್ಲ. ಅವಸರದಲ್ಲಿ ‘ಲ್ಲಿ’ ಕಂಡ ಕೂಡಲೇ ಕಾಟು ಹಾಕಿ, ಮೂರಕ್ಷರದ ಉತ್ತರ ಒಂದು ಹೆಜ್ಜೆ ಹಿಂದಿನಿಂದ ಶುರುವಾಗಬಹುದು ಎಂಬುದನ್ನು ಮರೆತಿರುತ್ತೀರಿ.

ಎರಡನೆಯದಾಗಿ, ಹುಡುಕುತ್ತಿರುವ ಹೆಸರೇ ಬೇರೆಯಾಗಿರಬಹುದು. ಹೂವು ಎಂದು ಸುಳಿವಿದ್ದರೆ ತಾವರೆಗಾಗಿ ಕಣ್ಣು ಸವೆಸಿದವರಿಗೆ ಎದುರಿಗಿದ್ದ ಕಮಲ ಕಾಣುವುದಿಲ್ಲ. ಕಾಗುಣಿತವೂ ಕಾಡುತ್ತದೆ. ‘ಮೈನ’ ಎಂದು ಬರೆದು ರೂಢಿ ಇದ್ದವರು “ಅವಳ ಮೈ ನಾಚಿಕೆಯಿಂದ ಕುಗ್ಗಿತು” ಎಂಬಲ್ಲಿನ ‘ಮೈನಾ’ವನ್ನು ದಾಟಿ ಹೋಗುತ್ತಾರೆ.

ಕೊನೆಗೆ ಸುಳಿವಿನ ಮಾತನ್ನು ಇನ್ನೊಮ್ಮೆ ಓದಿ. ‘ತಿರುಗಿ ಬಂದ’, ‘ಹಿಮ್ಮುಖ’, ‘ಹಿಂದಿನಿಂದ’ ಎಂಬ ಪದ ಅದರಲ್ಲಿದ್ದರೆ ಕಿಂಡಿಯನ್ನು ಬಲದಿಂದ ಎಡಕ್ಕೆ ಓದಬೇಕು. “ಮನವಿ ಕಳುಹಿಸಿ” ಎಂಬ ವಾಕ್ಯದ ಸಂದಿನಲ್ಲಿ ವಿ, ಕ ಇವೆ, ತಿರುಗಿಸಿದರೆ ‘ಕವಿ’. ತಿರುಗುವುದು ಅಕ್ಷರಗಳ ಸಾಲು ಮಾತ್ರ. ‘ವಿ’ಯ ಗುಡಿಸು ‘ವಿ’ಯಲ್ಲೇ ಇರುತ್ತದೆ, ಅದನ್ನು ಕಿತ್ತು ‘ಕ’ಕ್ಕೆ ಅಂಟಿಸಿ ‘ಕಿವ’ ಎಂದು ಓದುವುದಲ್ಲ. ಸುಳಿವಿನಲ್ಲಿ ಅಂಥ ಪದ ಇಲ್ಲದಿದ್ದರೆ ಹಿಮ್ಮುಖವಾಗಿ ಹುಡುಕಲು ಹೋಗಬೇಡಿ. ಎರಡಕ್ಷರದ ಪದಗಳು ಆ ಕಡೆಯಿಂದ ಆಕಸ್ಮಿಕವಾಗಿಯೇ ಬೇಕಾದಷ್ಟು ಸಿಗುತ್ತವೆ, ಅವುಗಳಲ್ಲಿ ಯಾವುದು ಉತ್ತರ ಎಂದು ಹೇಳಲು ನಿಮ್ಮ ಹತ್ತಿರ ಆಧಾರ ಇರುವುದಿಲ್ಲ.